ಲೀಟರಿಗೆ 100 ಗ್ರಾಂ ಉಪ್ಪು ಹಾಕಿ 10% ಮಾಡಿದ್ದೆ, ಮಿಡಿ ಮೇಲೆ ಬಿಳಿ ಪೊರೆ ಬಂದಿದೆ, ಎಂತ ಮಾಡುದು?

ನೀರ್ಚಾಲು ಸೊಸೆ:
ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಗೆ 3 ಕೆಜಿ ಮಾವಿನಮಿಡಿ ಉಪ್ಪುನೀರಿಗೆ ಹಾಕಿದ್ದು. ಅತ್ತೆ ಕಣ್ಣಂದಾಜಿನಲ್ಲಿ ಹಾಕ್ತಾರೆ, ನಂಗೆ ಅದು ಬರೂದಿಲ್ಲ, ಹಾಗಾಗಿ ಎಲ್ಲೋ ಓದಿದ್ದು 10 ಪರ್ಸೆಂಟ್ ಉಪ್ಪುನೀರು ಬೇಕು ಅಂತ, ಅಂದ್ರೆ ಲೀಟರಿಗೆ 100 ಗ್ರಾಂ ಅಲ್ವಾ, 3 ಲೀಟರ್ ನೀರು ಕುದಿಸಿ ತಣಿಸಿ 300 ಗ್ರಾಂ ಕಲ್ಲುಪ್ಪು ಕರಗಿಸಿ ಭರಣಿಗೆ ಹೊಯ್ದಿದ್ದೆ. ತೂಕ ಸರಿ ಉಂಟು, ಡಿಜಿಟಲ್ ತಕ್ಕಡಿಯಲ್ಲೇ ತೂಗಿದ್ದು. ಈಗ ಮುಚ್ಚಳ ತೆಗೆದ್ರೆ ಮೇಲೆ ಬಿಳಿ ಪೊರೆ, ಟಾಲ್ಕಂ ಪೌಡರ್ ಉದುರಿಸಿದ ಹಾಗೆ, ನೀರು ಸ್ವಲ್ಪ ಕದಡಿದೆ. ಮೇಲಿನ ಕೆಲವು ಮಿಡಿ ಒತ್ತಿದ್ರೆ ಮೆತ್ತಗೆ. ವಾಸನೆ ಕೆಟ್ಟದ್ದಲ್ಲ, ಹುಳಿಹುಳಿ ಬರ್ತದೆ. ನೀರಿನ ರುಚಿ ನೋಡಿದ್ರೆ ಹಾಕಿದ ದಿನದ ಉಪ್ಪೇ ಇಲ್ಲ! ಉಪ್ಪು ಎಲ್ಲಿ ಹೋಯ್ತು ಮಾರಾಯ್ರೆ? ಬಿಸಾಡಬೇಕಾ ಉಳಿಸಬಹುದಾ?

ಕುಂಬ್ಳೆ ಪುಳ್ಳಿ:
ಅಕ್ಕ ನಿಮ್ಮ ಲೆಕ್ಕವೇ ತಪ್ಪು. 1 ಲೀಟರ್ ಅಂದ್ರೆ 1000 ಗ್ರಾಂ ನೀರು, ಅದಕ್ಕೆ 100 ಗ್ರಾಂ ಉಪ್ಪು ಸೇರಿದ್ರೆ ಒಟ್ಟು 1100, ಅದ್ರಲ್ಲಿ ಉಪ್ಪು 100, ಅಂದ್ರೆ 9.1 ಪರ್ಸೆಂಟ್ ಅಷ್ಟೆ. ಸರಿಯಾದ 10 ಬೇಕಾದ್ರೆ ಲೀಟರಿಗೆ 111 ಗ್ರಾಂ ಹಾಕ್ಬೇಕು. ನೀವು ಕಡಿಮೆ ಹಾಕಿದ್ದೀರಿ ಅದಕ್ಕೇ ಪೊರೆ ಬಂದದ್ದು. ಇನ್ನೊಂದು 33 ಗ್ರಾಂ ಉಪ್ಪು ಹಾಕಿ ಬಿಡಿ ಸರಿ ಆಗ್ತದೆ.

ನೀರ್ಚಾಲು ಸೊಸೆ:
33 ಗ್ರಾಮಲ್ಲಿ ಎಂತ ವ್ಯತ್ಯಾಸ ಆಗ್ತದೆ 3 ಕೆಜಿ ಮಿಡಿಗೆ? ಒಂದು ಮುಷ್ಟಿ ಕೂಡ ಇಲ್ಲ.

ಅಡೂರು ಅತ್ತೆ:
ನಮ್ಮಲ್ಲಿ ತೂಕ ಇಲ್ಲ ಮಗಾ. ಸೇರಲ್ಲಿ ಅಳೆಯುದು. ಇದೇ ಪೊರೆ ನನ್ನ ಉಪ್ಪುಸೊಳೆಗೂ ಬಂದಿದೆ ಈ ಸಲ, ಹಲಸಿನ ಸೊಳೆ ತುಂಬಿಸಿ ಉಪ್ಪು ಹಾಕಿ ಮೇಲಿಂದ ಗಟ್ಟಿ ಭಾರ ಇಟ್ಟಿದ್ದೆ ಆದರೂ ಬಂತು. ಸೊಳೆಗೆ ಎಷ್ಟು ಪರ್ಸೆಂಟ್ ಹೇಳಿ ಯಾರಾದ್ರೂ. ಪಲ್ಯಕ್ಕೆ ಹಾಕುವಾಗ ನೀರಲ್ಲಿ ತೊಳೆದು ಹಿಂಡ್ತೇವಲ್ಲ, ಆ ಉಪ್ಪು ಲೆಕ್ಕಕ್ಕೆ ಬರ್ತದಾ?

ಲ್ಯಾಬ್ ಮಾಷ್ಟ್ರು:
ಪುಳ್ಳಿ ಹೇಳಿದ 111 ಸರಿ ಉಂಟು, ಆದ್ರೆ ಇಲ್ಲಿ ಕಳ್ಳ ಅವನಲ್ಲ. 9.1 ಇದ್ರೂ 10 ಇದ್ರೂ ಈ ಪೊರೆ ಬರುವ ವಿಷಯದಲ್ಲಿ ಅಂಥ ವ್ಯತ್ಯಾಸ ಇಲ್ಲ. ಸೊಸೆಯವರು ಕೇಳಿದ್ರಲ್ಲ ಉಪ್ಪು ಎಲ್ಲಿ ಹೋಯ್ತು ಅಂತ, ಅದೇ ಸರಿಯಾದ ಪ್ರಶ್ನೆ. ಉಪ್ಪು ಮಿಡಿಯ ಒಳಗೆ ಹೋಯ್ತು, ಮಿಡಿಯ ನೀರು ಹೊರಗೆ ಬಂತು. ಎಳೆ ಮಿಡಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇರುದು. ನೀವು ಭರಣಿಗೆ ಹಾಕಿದ್ದು 3 ಲೀಟರ್ ನೀರು ಅಂತ ಲೆಕ್ಕ ಹಾಕಿದ್ದೀರಿ, ನಿಜಕ್ಕೆ ಮಿಡಿಯೂ ಸೇರಿ ಹತ್ತತ್ರ 6 ಲೀಟರಿಗೆ ಉಪ್ಪು ಹಂಚಿ ಹೋಗಿದೆ. ಹಾಗಾಗಿ ಪರ್ಸೆಂಟ್ ಲೆಕ್ಕ ಮಾಡುವಾಗ ಮಿಡಿಯ ತೂಕವನ್ನೂ ಕೆಳಗೆ ಸೇರಿಸಬೇಕು:

```
ಉಪ್ಪು% = ಉಪ್ಪು ÷ (ಮಿಡಿ + ನೀರು + ಉಪ್ಪು) × 100
300 ÷ (3000 + 3000 + 300) × 100 = 4.8
```

ಹಾಕಿದ ದಿನ 9, ಈಗ 5 ಕೂಡ ಇಲ್ಲ. 5 ಪರ್ಸೆಂಟಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಆರಾಮಲ್ಲಿ ಕೆಲಸ ಮಾಡ್ತದೆ, ಅದೇ ನಿಮ್ಮ ಹುಳಿ ವಾಸನೆ ಮತ್ತು ಕದಡಿದ ನೀರು. ಕೆಲವರು ಬೇಕಂತಲೇ ಹಾಗೆ ಹುಳಿ ಬರಿಸಿ ಸ್ವಲ್ಪ ದಿನದಲ್ಲಿ ತಿಂದು ಮುಗಿಸ್ತಾರೆ, ಅದು ತಪ್ಪಲ್ಲ. ಆದ್ರೆ ನಮ್ಮ ಮಿಡಿ ಮಳೆಗಾಲ ದಾಟಬೇಕು, ವರ್ಷ ಇಡಬೇಕು. ಅದಕ್ಕೆ ಕೊನೆಗೆ ನಿಲ್ಲುವ ಲೆಕ್ಕ 15 ರಿಂದ 20 ಇರ್ಬೇಕು. ಬಿಳಿ ಪೌಡರ್ ಹಾಗೆ ಇರುದು ಯೀಸ್ಟ್, ಗಾಳಿ ತಾಗುವಲ್ಲಿ ಬರ್ತದೆ, ಅದು ವಿಷ ಅಲ್ಲ, ಆದ್ರೆ ಬಿಟ್ರೆ ಅದು ಹುಳಿಯನ್ನು ತಿಂದು ಹಾಕ್ತದೆ, ಆಮೇಲೆ ಬೂಸ್ಟು ಬರ್ಲಿಕ್ಕೆ ದಾರಿ ಆಗ್ತದೆ. ಹಸಿರು, ಕಪ್ಪು, ಗುಲಾಬಿ ಬಣ್ಣದ್ದು, ಹತ್ತಿಯ ಹಾಗೆ ಕೂದಲು ಇರುವಂಥದ್ದು ಕಂಡ್ರೆ, ಅಥವಾ ನೀರು ಲೋಳೆ ಆದ್ರೆ, ಕೊಳೆತ ವಾಸನೆ ಬಂದ್ರೆ, ಉಳಿಸ್ಲಿಕ್ಕೆ ಹೋಗ್ಬೇಡಿ.

ನೀರ್ಚಾಲು ಸೊಸೆ:
ಬಿಳಿ ಮಾತ್ರ ಮಾಷ್ಟ್ರೇ, ಲೋಳೆ ಇಲ್ಲ. ಹಾಗಾದ್ರೆ ಇದನ್ನು 15ಕ್ಕೆ ತರ್ಲಿಕ್ಕೆ ಎಷ್ಟು ಉಪ್ಪು? ಹತ್ತು ಪರ್ಸೆಂಟ್ ಕಮ್ಮಿ ಅಂದ್ರೆ 6.3 ಕೆಜಿಯ 10% ಅಂದ್ರೆ 630 ಗ್ರಾಂ ಅಲ್ವಾ?

ಲ್ಯಾಬ್ ಮಾಷ್ಟ್ರು:
ಹತ್ತಿರ ಬಂದಿರಿ, ಆದ್ರೆ ನೀವು ಹಾಕುವ ಉಪ್ಪೂ ಒಟ್ಟು ತೂಕಕ್ಕೆ ಸೇರ್ತದೆ, ಹಾಗಾಗಿ ಸ್ವಲ್ಪ ಜಾಸ್ತಿ ಬೇಕು. 760 ಗ್ರಾಂ. ತಾಳೆ ನೋಡಿ, ಉಪ್ಪು ಒಟ್ಟು 1060, ಭರಣಿಯ ಒಟ್ಟು ತೂಕ 7060, ಭಾಗಿಸಿದ್ರೆ 15 ಬರ್ತದೆ.

ಮೆತ್ತಗಾದ ಮಿಡಿ ಮೊದಲು ಹೆಕ್ಕಿ ತೆಗೆಯಿರಿ, ಅದು ಮತ್ತೆ ಗಟ್ಟಿ ಆಗುದಿಲ್ಲ, ಅದರಿಂದ ಬರುವ ರಸ ಉಳಿದವನ್ನೂ ಮೆತ್ತಗೆ ಮಾಡ್ತದೆ. ತೆಗೆದದ್ದು ತೂಗಿ ಹೇಳಿ, ಲೆಕ್ಕ ಬದಲಾಗ್ತದೆ.

ಆಮೇಲೆ ಉಪ್ಪನ್ನು ಮೇಲಿಂದ ಸುರಿಯಬೇಡಿ. ಹಾಕಿದ ಹರಳೆಲ್ಲ ಕೆಳಗೆ ಹೋಗಿ ಕೂರ್ತದೆ, ಅಲ್ಲೇ ಕರಗಿ ಗಟ್ಟಿ ಉಪ್ಪುನೀರು ಅಡಿಯಲ್ಲೇ ಉಳೀತದೆ, ಯಾಕಂದ್ರೆ ಅದು ಭಾರ, ಮೇಲಿನ ಅರ್ಧ ಹಾಗೇ ಸಪ್ಪೆ, ಪೊರೆ ಬರುದು ಅಲ್ಲೇ ಅಲ್ವಾ. ಪೊರೆಯನ್ನು ಸೌಟಲ್ಲಿ ತೆಗೆದು, ನೀರನ್ನೆಲ್ಲ ಬೇರೆ ಪಾತ್ರೆಗೆ ಬಗ್ಗಿಸಿ, ಉಪ್ಪು ಹಾಕಿ ಕುದಿಸಿ. ಕಲ್ಲುಪ್ಪಿನ ಮಣ್ಣು ಕೆಳಗೆ ಇಳೀತದೆ, ಮೇಲಿನದ್ದು ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿದ ಮೇಲೆ ಭರಣಿಗೆ ಹೊಯ್ಯಿರಿ. ಭರಣಿ ತೊಳೆದು ಬಿಸಿಲಲ್ಲಿ ಒಣಗಿಸಿರ್ಬೇಕು. ಹೊಯ್ದ ಮೇಲೆ ಮಿಡಿ ತೇಲಬಾರ್ದು, ತಟ್ಟೆ ಇಟ್ಟು ಅದರ ಮೇಲೆ ಬಿಸಿನೀರಲ್ಲಿ ತೊಳೆದ ಬೆಣಚುಕಲ್ಲು ಇಡಿ. ಮೇಲೆ ಕಾಣುವ ಮಿಡಿಗೆ ಒಳಗಿನ ಪರ್ಸೆಂಟ್ ಎಷ್ಟಿದ್ರೂ ಪ್ರಯೋಜನ ಇಲ್ಲ.

ಕುಂಬ್ಳೆ ಪುಳ್ಳಿ:
ಕುದಿಸುವಾಗ ನೀರು ಆವಿ ಆಗಿ ಹೋಗ್ತದಲ್ಲ ಮಾಷ್ಟ್ರೇ, ಆಗ ಪರ್ಸೆಂಟ್ ಜಾಸ್ತಿ ಆಗುದಿಲ್ವಾ?

ಲ್ಯಾಬ್ ಮಾಷ್ಟ್ರು:
ಆಗ್ತದೆ, ಚೂರು. ಜಾಸ್ತಿ ಆದ್ರೆ ನಷ್ಟ ಎಂತ, ನಮಗೆ ಬೇಕಾದ ಕಡೆಗೇ ಹೋಗುದು. ಮುಚ್ಚಿ ಕುದಿಸಿ ಅಷ್ಟೆ.

ಉಪ್ಪಳ ಅಂಗಡಿ:
ಇಷ್ಟೆಲ್ಲ ಲೆಕ್ಕ ಯಾಕೆ, ಹಸಿ ಕೋಳಿಮೊಟ್ಟೆ ಹಾಕಿ ನೋಡುದು, ತೇಲಿದ್ರೆ ಉಪ್ಪು ಸಾಕು. ನನ್ನ ಅಜ್ಜಿ ಇದೇ ಮಾಡ್ತಿದ್ರು. ಮತ್ತೆ ಪ್ಯಾಕೆಟ್ ಅಯೋಡಿನ್ ಉಪ್ಪು ಹಾಕಿದ್ರೆ ಖಂಡಿತ ಹಾಳಾಗ್ತದೆ.

ಲ್ಯಾಬ್ ಮಾಷ್ಟ್ರು:
ಮೊಟ್ಟೆ ತೇಲುದು ಹೆಚ್ಚುಕಮ್ಮಿ 10ರ ಹತ್ತಿರ, ಅದೂ ತಾಜಾ ಮೊಟ್ಟೆಯಾದ್ರೆ. ಹಳೇ ಮೊಟ್ಟೆ ಬರೇ ನೀರಲ್ಲೂ ಏಳ್ತದೆ. ಮತ್ತೆ ಮಿಡಿ ಹಾಕುವ ಮೊದಲು ನೋಡಿದ್ರೆ ಸೊಸೆಯವರ ಕಥೆಯೇ, ಇವತ್ತು ತೇಲಿದ್ದು ಒಂದು ವಾರ ಬಿಟ್ರೆ ಮುಳುಗ್ತದೆ. (ಭಟ್ರ ಮನೆಯ ಉಪ್ಪಿನಕಾಯಿಗೆ ಮೊಟ್ಟೆ ಹಾಕಿ ನೋಡ್ಲಿಕ್ಕೆ ಯಾರು ಬಿಡ್ತಾರೆ ಅದು ಬೇರೆ ವಿಷಯ.) ಅಯೋಡಿನ್ ಇದ್ದ ಮಾತ್ರಕ್ಕೆ ಕೆಡ್ತದೆ ಅಂತ ನಾನು ಒಪ್ಪುದಿಲ್ಲ. ಪುಡಿ ಉಪ್ಪು ಅಂಟದ ಹಾಗೆ ಹಾಕುವ ಪುಡಿಯಿಂದ ನೀರು ಮಬ್ಬಾಗ್ತದೆ, ಅಷ್ಟೆ.

ಉಪ್ಪಳ ಅಂಗಡಿ:
ನಾನು ಕಣ್ಣಾರೆ ನೋಡಿದ್ದು ಮಾಷ್ಟ್ರೇ. ನೀವು ಪುಸ್ತಕ ಹೇಳ್ತೀರಿ.

ಅಡೂರು ಅತ್ತೆ:
ನಾವು ನೀರೇ ಹಾಕುದಿಲ್ಲ ಮೊದಲಿಗೆ. ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು, ಮಿಡಿಗೆ ನಾಲ್ಕರಲ್ಲೊಂದು ಪಾಲು ಉಪ್ಪು. ಎರಡು ದಿನಕ್ಕೊಮ್ಮೆ ಭರಣಿ ಕುಲುಕುದು. ಮಿಡಿ ಚಿರುಟಿ ಅದರ ನೀರು ಅದೇ ಬಿಡ್ತದೆ. ಆಮೇಲೆ ಆ ನೀರನ್ನು ಕುದಿಸಿ ತಣಿಸಿ ವಾಪಸ್ ಹೊಯ್ಯುದು. ನನ್ನ ಸೊಳೆಯ ಪ್ರಶ್ನೆಗೆ ಯಾರೂ ಹೇಳ್ಲಿಲ್ಲ.

ಲ್ಯಾಬ್ ಮಾಷ್ಟ್ರು:
ಅತ್ತೆ ಹೇಳಿದ್ದಕ್ಕೇ ಲೆಕ್ಕ ಹಾಕಿ ನೋಡಿ. 1 ಕೆಜಿ ಮಿಡಿಗೆ 250 ಗ್ರಾಂ ಉಪ್ಪು, ಒಟ್ಟು 1250, ಸರಿಯಾಗಿ 20 ಪರ್ಸೆಂಟ್. ನೀರು ಹೊರಗಿಂದ ಇಲ್ಲವೇ ಇಲ್ಲ, ತೆಳು ಆಗುವ ಪ್ರಶ್ನೆಯೇ ಇಲ್ಲ. ಇದೇ 20 ಪರ್ಸೆಂಟನ್ನು ಒಂದು ಕೆಜಿ ಮಿಡಿ, ಒಂದು ಲೀಟರ್ ನೀರು ಅಂತ ಮಾಡ್ಲಿಕ್ಕೆ ಹೋದ್ರೆ 500 ಗ್ರಾಂ ಉಪ್ಪು ಬೇಕು, ಆದ್ರೆ ಒಂದು ಲೀಟರ್ ನೀರಲ್ಲಿ ಕರಗುದು ಸುಮಾರು 360 ಗ್ರಾಂ ಮಾತ್ರ, ಕುದಿಸಿದ್ರೂ 400 ದಾಟುದಿಲ್ಲ. ಸಕ್ಕರೆಯ ಹಾಗೆ ಬಿಸಿ ಮಾಡಿದಷ್ಟೂ ಕರಗುವ ಜಾತಿ ಅಲ್ಲ ಇದು. ಸಮ ತೂಕ ನೀರು ಹಾಕುವವರು 15ರ ಹತ್ತಿರಕ್ಕೇ ನಿಲ್ಬೇಕು, ಅದಕ್ಕೂ ಲೀಟರಿಗೆ 350 ಗ್ರಾಂ ಬೇಕು. ನೀರು ಕಮ್ಮಿ ಹಾಕಿ, ಮಿಡಿ ಮುಳುಗುವಷ್ಟು ಸಾಕು, ಆಗ ಉಪ್ಪೂ ಕಮ್ಮಿ ಸಾಕಾಗ್ತದೆ.

ಸೊಳೆಗೂ ಲೆಕ್ಕ ಇದೇ ಅತ್ತೆ, ಸೊಳೆಯ ತೂಕ, ಉಪ್ಪಿನ ತೂಕ. ತಿನ್ನುವಾಗ ತೊಳೆದು ಹಿಂಡುದು ಬೇರೆ, ಭರಣಿಯ ಒಳಗೆ ಇರುವ ತನಕದ್ದು ಮಾತ್ರ ಲೆಕ್ಕ. ಆದ್ರೆ ಸೇರಲ್ಲಿ ಅಳೆದ್ರೆ ಹೇಳ್ಲಿಕ್ಕೆ ಆಗುದಿಲ್ಲ, ದಪ್ಪ ಹರಳಿನ ಒಂದು ಸೇರಿಗೂ ಪುಡಿ ಉಪ್ಪಿನ ಒಂದು ಸೇರಿಗೂ ತೂಕ ತುಂಬ ಬೇರೆ. ಒಮ್ಮೆ ನಿಮ್ಮ ಸೇರನ್ನು ತೂಗಿ ಹೇಳಿ.

ಅಡೂರು ಅತ್ತೆ:
ತಕ್ಕಡಿ ಅಂಗಡಿಯಲ್ಲುಂಟು. ನೋಡುವಾ.

ನೀರ್ಚಾಲು ಸೊಸೆ:
ಮೆತ್ತಗಾದದ್ದು ಹೆಕ್ಕಿದೆ, ಅರ್ಧ ಕೆಜಿ ಹೋಯ್ತು. ಹೆಚ್ಚಿನದ್ದು ತೊಟ್ಟು ಕಿತ್ತುಹೋದ ಮಿಡಿ, ಕೊಯ್ಯುವಾಗ ಕೆಳಗೆ ಬಿದ್ದದ್ದೂ ಇತ್ತೋ ಏನೋ. ಈಗ ಎಷ್ಟು ಹಾಕುದು? ಒಟ್ಟಿಗೆ ಹಾಕಿದ್ರೆ ಮಿಡಿ ಚಿರುಟಿ ಹೋಗ್ತದಾ?

ಲ್ಯಾಬ್ ಮಾಷ್ಟ್ರು:
ಅರ್ಧ ಕೆಜಿ ಮಿಡಿಯ ಜೊತೆ ಅದರೊಳಗಿನ 24 ಗ್ರಾಂ ಉಪ್ಪೂ ಹೋಯ್ತು. ಈಗ ಭರಣಿಯಲ್ಲಿ 5800 ಗ್ರಾಂ, ಅದ್ರಲ್ಲಿ ಉಪ್ಪು 276. ಇನ್ನು 700 ಹಾಕಿದ್ರೆ 15 ಆಗ್ತದೆ. ಒಮ್ಮೆಲೇ ಬೇಡ, ಹೊರಗೆ ದಿಢೀರಂತ ಗಟ್ಟಿ ಉಪ್ಪುನೀರಾದ್ರೆ ಮಿಡಿಯ ನೀರು ಉಪ್ಪು ಒಳಗೆ ಹೋಗುದಕ್ಕಿಂತ ಬೇಗ ಹೊರಗೆ ಬಂದು ಚಿರುಟ್ತದೆ. ಚಿರುಟುದು ಕೆಲವರಿಗೆ ಬೇಕೇ ಬೇಕು ಅದು ರುಚಿಯ ವಿಷಯ. ಇಡಿಯಾಗಿ ತುಂಬಿಕೊಂಡು ಇರ್ಬೇಕಾದ್ರೆ ಇವತ್ತು 340, ಒಂದು ವಾರ ಬಿಟ್ಟು ಮತ್ತೆ ನೀರು ಬಗ್ಗಿಸಿ 360.

ತೊಟ್ಟು ಕಿತ್ತದ್ದು ಮೆತ್ತಗಾದದ್ದು ಬರೇ ಉಪ್ಪಿನ ತಪ್ಪಾ ಕೊಯ್ಲಿನ ತಪ್ಪಾ ಈಗ ಹೇಳ್ಲಿಕ್ಕೆ ಬರೂದಿಲ್ಲ. ಎರಡೂ ಇರಬಹುದು. ಪೆಟ್ಟು ತಾಗಿದ ಮಿಡಿ 20 ಪರ್ಸೆಂಟಲ್ಲೂ ಮೆತ್ತಗಾದದ್ದನ್ನು ನೋಡಿದ್ದೇನೆ.

ಕುಂಬ್ಳೆ ಪುಳ್ಳಿ:
ಹಾಗಾದ್ರೆ ಉಪ್ಪು ಒಳಗೆ ಪೂರ್ತಿ ಹೋಗಿ ಸಮ ಆಯ್ತು ಅಂತ ಗೊತ್ತಾಗುದು ಹೇಗೆ?

ಲ್ಯಾಬ್ ಮಾಷ್ಟ್ರು:
ಒಂದು ಮಿಡಿ ಅರ್ಧ ತುಂಡು ಮಾಡಿ, ಗೊರಟಿನ ಹತ್ತಿರದ ಭಾಗ ನಾಲಿಗೆಗೆ ಇಡಿ, ಆಮೇಲೆ ಭರಣಿಯ ನೀರು. ಎರಡೂ ಒಂದೇ ಉಪ್ಪು ಅಂತ ಅನ್ನಿಸಿದ್ರೆ ಆಯ್ತು. ಒಳಗೆ ಬಿಳಿ ಹಸಿಮಾವಿನ ಬಣ್ಣ ಉಳಿದಿದ್ರೆ ಇನ್ನೂ ಇಳಿದಿಲ್ಲ, ಆಮೇಲೆ ಬಣ್ಣ ಕಂದಿ ಆಲಿವ್ ಹಸಿರು ಆಗ್ತದೆ.

ನೀರ್ಚಾಲು ಸೊಸೆ:
340 ಹಾಕಿ ಕುದಿಸಿ ಹೊಯ್ದದ್ದು ಆಯ್ತು. ಪೊರೆ ಸದ್ಯ ಇಲ್ಲ. ಅತ್ತೆ ನೀರಿನ ರುಚಿ ನೋಡಿ "ಈಗ ಉಪ್ಪುನೀರಿನ ಹಾಗೆ ಉಂಟು" ಅಂದ್ರು. ಇನ್ನೊಂದು ಕೇಳ್ಲಿಕ್ಕಿತ್ತು, ಮಳೆಗಾಲದಲ್ಲಿ ಮಸಾಲೆ ಕೂಡುವಾಗ ಹಿಂಡಿಗೆ ಬೇರೆ ಉಪ್ಪು ಎಷ್ಟು?

ಅಡೂರು ಅತ್ತೆ:
ಬೇರೆ ಉಪ್ಪು ಎಂತಕ್ಕೆ ಮಗಾ. ಸಾಸಿವೆ ಮೆಣಸು ಅರೆಯುವಾಗ ನೀರಿನ ಬದಲು ಇದೇ ಉಪ್ಪುನೀರು ಹಾಕು. ಹಸಿ ನೀರು ಒಂದು ಹನಿ ಕೂಡ ತಾಗಿಸ್ಬೇಡ.