ಸಹಾಯ ಬೇಕು: ತಾರೀಖು ತಪ್ಪಿದ ಮೂಲ ಆಕರವನ್ನ ಎಷ್ಟು ನಂಬಬೇಕು?

ಎಲ್ಲರಿಗೂ ನಮಸ್ಕಾರ್ರಿ. ಕೃಷ್ಣದೇವರಾಯರು ಬಿಜಾಪುರದ ಸುಲ್ತಾನನ ವಿರುದ್ಧ ಮಾಡಿದ ರಾಯಚೂರು ಕದನದ ಮ್ಯಾಲ ಎಂ.ಎ. ಪ್ರಬಂಧ ಬರೀಲಿಕತ್ತೀನಿ, ಒಂದು ಕಡೆ ಸಿಕ್ಕೊಂಡೀನಿ.

ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ತನ್ನ ಬರಹದಾಗ ಕದನ ಆಗಿದ್ದು 1522ರ ಮೇ, ಅಮಾವಾಸ್ಯೆ, ಶನಿವಾರ ಅಂತಾನ. ರಾಬರ್ಟ್ ಸೆವೆಲ್ 1900ರ ಪುಸ್ತಕದಾಗ ವಾರ, ತಿಥಿ ತಾಳೆ ನೋಡಿ ಅದನ್ನ 1520ರ ಮೇ 19 ಅಂತ ತಿದ್ದಿದ. ಅದೇ ಪುಸ್ತಕದಾಗ ನ್ಯೂನಿಜ್ ಅನುವಾದನೂ ಅದ. ಹಂಗಾಗಿ ಅನುವಾದದ ಭಾಗ ಪ್ರಾಥಮಿಕ, ಸೆವೆಲ್ ವಾದ ದ್ವಿತೀಯಕ ಅಂತ ಅಡಿಟಿಪ್ಪಣಿಯಲ್ಲಿ ಬ್ಯಾರೆ ಬ್ಯಾರೆ ತೋರ್ಸೀನಿ.

ಗೈಡ್ ಪುಸ್ತಕ, ವಿಶ್ವಕೋಶ ಎಲ್ಲಾ 1520 ಅಂತಾವ. ಆದ್ರ ತಮ್ಮ ಆಧಾರ ಹೇಳಂಗಿಲ್ಲ. ಎಲ್ಲಾ ಸೆವೆಲ್ ಲೆಕ್ಕದಿಂದನ ಬಂದಿದ್ರ ಅವು ಹತ್ತು ಸಾಕ್ಷಿ ಅಲ್ಲ, ಒಂದೇ. ಅದಕ್ಕ ಬಿಟ್ಟೀನಿ.

ತೊಡಕು ಇಲ್ಲಿ ಅದ: ನ್ಯೂನಿಜ್ ಬರೆದಿದ್ದು ಕದನ ಆಗಿ ಸುಮಾರು 15 ವರ್ಷದ ಮ್ಯಾಲ. ಅವನ ಇಸವಿ ಬ್ಯಾಡ ಅಂತೀನಿ, ರಾಯರ ಸೈನ್ಯದಾಗ ಏಳು ಲಕ್ಷ ಕಾಲಾಳು ಇದ್ರು ಅನ್ನೋದನ್ನೂ ನಂಬಂಗಿಲ್ಲ. ಆದ್ರ ಕೋಟೆ ಮುತ್ತಿಗೆಯ ವಿವರ ಮಾತ್ರ ಅವನಿಂದನ ತಗೋಬೇಕಾಗೇದ. ಇದು ನನಗ ಬೇಕಾದಷ್ಟು ಆರಿಸಿಕೊಂಡಂಗ ಕಾಣ್ತದ.

ಒಂದೇ ಆಕರದ ಒಂದು ಮಾತು ಬಿಟ್ಟು ಇನ್ನೊಂದು ಒಪ್ಪಲಿಕ್ಕೆ ಯಾವ ಕಾರಣ ಬರೆದ್ರ ವಾದ ನಿಲ್ತದ? ಮುತ್ತಿಗೆ ವಿವರಕ್ಕ ಇತಿಹಾಸಕಾರ ಫೆರಿಶ್ತಾ ಬರೆದ ಬಿಜಾಪುರದ ಕಡೆಯ ಇತಿಹಾಸ ಹೊಂದಿಸಿ ನೋಡಿದ್ರ ಸಾಕೇನ್ರಿ?