‘50 ಕೆ.ಜಿ.ವರೆಗೆ’ ಅಂದರೆ 50 ಸೇರಿತೋ ಇಲ್ಲವೋ?

ಬದಿಯಡ್ಕದಿಂದ:
ನಾವು ಹಾಳೆ ತಟ್ಟೆ ಕಳಿಸುವವರು. ಒಂದು ಪೆಟ್ಟಿಗೆ 25 ಕಿಲೋ, ಹೆಚ್ಚಿನವರು ಎರಡೆರಡು ತರಿಸುತ್ತಾರೆ. ಲಾರಿ ಸರ್ವೀಸಿನವರು ಮಲಯಾಳದಲ್ಲಿ ಕೊಟ್ಟ ದರಪಟ್ಟಿಯಲ್ಲಿ ‘50 ಕಿಲೋ ವರೆ’ ಕಿಲೋಗೆ 14 ರೂಪಾಯಿ, ‘100 ವರೆ’ 11, ಅದರ ಮೇಲೆ 9 ಎಂದಿದೆ. ಅದನ್ನು ಎಕ್ಸೆಲ್‌ಗೆ ಹಾಕಿ, J ಸಾಲಿನಲ್ಲಿ 0, 50, 100 ಎಂದು ಬರೆದು, ಪ್ರತಿ ಎಲ್‌ಆರ್‌ಗೂ, ಅಂದರೆ ಲಾರಿ ರಸೀದಿಗೂ, ಸಿಗಬೇಕಾದ ದರವನ್ನು ಹೀಗೆ ತೆಗೆದೆ:

```
=VLOOKUP(E2,$J$2:$K$4,2,TRUE)
```

ಅದನ್ನು ತೂಕದಿಂದ ಗುಣಿಸಿ ಬಿಲ್ಲಿನಿಂದ ಕಳೆದಾಗ ಈ ತಿಂಗಳು 3,999 ರೂಪಾಯಿ ಜಾಸ್ತಿ ಹೋಗಿದೆ. ಪಿವಟ್ ಟೇಬಲ್‌ನಲ್ಲಿ ತೂಕವನ್ನು Rows ಕಡೆಗೆ, ವ್ಯತ್ಯಾಸವನ್ನು Values ಕಡೆಗೆ ಎಳೆದು ನೋಡಿದರೆ 3,300 ರೂಪಾಯಿ ಸರಿಯಾಗಿ 50 ಕಿಲೋ ಇರುವ 22 ಎಲ್‌ಆರ್‌ಗಳದ್ದೇ. ಉಳಿದದ್ದು 62, 75, 96 ಕಿಲೋದ ಒಂದೊಂದು. ಕನ್ನಡದ ‘ವರೆಗೆ’ ಆ ಕೊನೆಯ ಅಂಕಿಯನ್ನು ಒಳಗೆ ತೆಗೆದುಕೊಳ್ಳುತ್ತದಾ?

ಕುಂಬಳೆಯಿಂದ:
ಸೇರುತ್ತದೆ, ಸಂಶಯ ಯಾಕೆ? ಕಾಸರಗೋಡಿನವರೆಗೆ ಟಿಕೆಟ್ ತೆಗೆದವರನ್ನು ಕಂಡಕ್ಟರ್ ಮೊಗ್ರಾಲಿನಲ್ಲಿ ಇಳಿಸುವುದಿಲ್ಲವಲ್ಲ. ನಿಮ್ಮ ತೊಂದರೆ ಆ TRUE. ಅದು ಅಂದಾಜಿಗೆ ಹತ್ತಿರದ ತೂಕ ಹಿಡಿಯುತ್ತದೆ. FALSE ಮಾಡಿ, ಸರಿಯಾಗುತ್ತದೆ.

ದುಬೈಯಿಂದ, ಊರು ಉಪ್ಪಳ:
ಪಿವಟ್ ಅಂದದ್ದು ನೋಡಿ ಬರೆಯುತ್ತಿದ್ದೇನೆ. ನಮ್ಮ ಏರ್ ಕಾರ್ಗೋದಲ್ಲಿ ಪಿವಟ್ ವೆಯ್ಟ್ ಎಂದರೆ ಒಂದು ಕಂಟೇನರಿಗೆ ಕನಿಷ್ಠ ಇಷ್ಟು ಕಿಲೋ ಎಂದು ಹಿಡಿಯುವ ತೂಕ. ಸಾಮಾನು ಅಷ್ಟಿಲ್ಲದಿದ್ದರೂ ಅಷ್ಟಕ್ಕೆ ದುಡ್ಡು ಕೊಡಬೇಕು, ಮೇಲೆ ಹೋದದ್ದಕ್ಕೆ ಬೇರೆ ದರ. ನಿಮ್ಮ ಲಾರಿಯವರೂ ಹಾಗೆ ಏನಾದರೂ ಹಾಕಿರಬಹುದು, ಕೇಳಿ ನೋಡಿ.

ಹೊಸಂಗಡಿಯಿಂದ:
ದುಬೈಯವರು ಹೇಳಿದ್ದು ಬೇರೆ ಪಿವಟ್, ಇಲ್ಲಿಗೆ ಸಂಬಂಧವಿಲ್ಲ. ಕುಂಬಳೆಯವರ FALSE ಹಾಕಬೇಡಿ. ಪಟ್ಟಿಯಲ್ಲಿ 62 ಎಂಬ ಸಾಲೇ ಇಲ್ಲದ ಕಾರಣ #N/A ಬರುತ್ತದೆ. TRUE ಹತ್ತಿರದ್ದನ್ನು ಹುಡುಕುವುದೂ ಇಲ್ಲ. 96 ಕೊಟ್ಟರೆ 100ಕ್ಕೆ ಹಾರದೆ ಕೆಳಗಿನ ಮೆಟ್ಟಿಲಾದ 50ರಲ್ಲಿ ನಿಂತು 11 ಕೊಡುತ್ತದೆ. ಇಂಗ್ಲಿಷಿನವರು ಅಪ್ರಾಕ್ಸಿಮೇಟ್ ಎಂದದ್ದರಿಂದಲೇ ಈ ಗಲಿಬಿಲಿ. J ಸಾಲು ಚಿಕ್ಕದರಿಂದ ದೊಡ್ಡದಕ್ಕೆ ಇರಲೇಬೇಕು, ಇಲ್ಲದಿದ್ದರೆ ತಪ್ಪು ದರ ಕೊಟ್ಟು ಸುಮ್ಮನಿರುತ್ತದೆ.

ನಿಮ್ಮ ಸೂತ್ರ 50ನ್ನು ಎರಡನೇ ಮೆಟ್ಟಿಲಿಗೆ ಹಾಕಿ 550 ರೂಪಾಯಿ ಎನ್ನುತ್ತದೆ. ಲಾರಿಯವರು ‘ವರೆ’ಯನ್ನು ನಂಬಿ 700 ಹಾಕಿದ್ದಾರೆ. ಆ 150 ಸೋರಿಕೆಯಲ್ಲ, ಎರಡು ಓದು. ‘ವರೆಗೆ’ ಎಂದು ಬರೆದ ಪಟ್ಟಿಗೆ ಮೇಲಿನ ಗಡಿಯನ್ನೇ ಬರೆಯಬೇಕು. J ಸಾಲಿನಲ್ಲಿ 50, 100, 99999. K ಸಾಲಿನಲ್ಲಿ 14, 11, 9:

```
=XLOOKUP(E2,$J$2:$J$4,$K$2:$K$4,,1)
```

ಕೊನೆಯ 1 ಅಂದರೆ ಅದೇ ತೂಕ ಇದ್ದರೆ ಅದು, ಇಲ್ಲದಿದ್ದರೆ ಮುಂದಿನ ದೊಡ್ಡದು. ಎಕ್ಸೆಲ್ 2019 ಅಥವಾ ಅದಕ್ಕಿಂತ ಹಳೆಯದಾದರೆ XLOOKUP ಇರುವುದಿಲ್ಲ. ಆಗ ಮೊದಲಿನ VLOOKUP ಇಟ್ಟು, J ಸಾಲಿನ 50 ಮತ್ತು 100ನ್ನು 50.01, 100.01 ಮಾಡಿ. ತೂಕವನ್ನು ಎರಡು ದಶಮಾಂಶಕ್ಕಿಂತ ಸೂಕ್ಷ್ಮವಾಗಿ ಬರೆಯದಿದ್ದರೆ ಸಾಕು. ಆಮೇಲೆ ಪಿವಟ್ ಮೇಲೆ ಬಲ ಕ್ಲಿಕ್ ಮಾಡಿ Refresh ಒತ್ತಿ, ತಾನಾಗಿ ಬದಲಾಗುವುದಿಲ್ಲ.

ಉಳಿಯುವುದು 699 ರೂಪಾಯಿ. 62ಕ್ಕೆ 186, 75ಕ್ಕೆ 225, 96ಕ್ಕೆ 288: ಮೂರರಲ್ಲೂ ಕಿಲೋಗೆ 3 ರೂಪಾಯಿ ಹೆಚ್ಚು. ಅಂದರೆ 11ರ ಜಾಗದಲ್ಲಿ 14 ಹಾಕಿದ್ದಾರೆ. ‘ವರೆಗೆ’ಯನ್ನು ಹೇಗೆ ಓದಿದರೂ ಇದಕ್ಕೆ ಸಮಜಾಯಿಷಿ ಇಲ್ಲ. ಪಿವಟ್‌ನಲ್ಲಿ ಆ ಮೊತ್ತದ ಮೇಲೆ ಎರಡು ಸಲ ಒತ್ತಿದರೆ ಅದರ ಎಲ್‌ಆರ್ ಸಾಲು ಹೊಸ ಹಾಳೆಯಲ್ಲಿ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಕಳಿಸಿ.

ಮಂಜೇಶ್ವರದಿಂದ:
ಬಸ್ಸಿನ ಉದಾಹರಣೆ ಊರಿಗೆ ಸರಿ. ಆದರೆ ‘ಸೋಮವಾರದವರೆಗೆ ರಜೆ’ ಅಂದರೆ ನಮ್ಮ ಮನೆಯಲ್ಲೇ ಎರಡು ಪಕ್ಷ, ಸೋಮವಾರ ಶಾಲೆ ಉಂಟೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ‘ಅವನು ಬರುವವರೆಗೆ’ ಅಂದಾಗ ಬಂದ ಮೇಲಿನದ್ದು ಸೇರುವುದಿಲ್ಲ. ಅಂಕಿಯ ಜೊತೆ ಸೇರುತ್ತದೆ ಎಂದೇ ನನಗೂ ಅನಿಸುವುದು, ಆದರೆ ವಾದ ಮಾಡುವವನ ಎದುರು ಅದು ನಿಲ್ಲುವುದು ಕಷ್ಟ. ಕರಾರಿನಲ್ಲಿ ‘50 ಸೇರಿದಂತೆ’ ಅಥವಾ ‘50ಕ್ಕೆ ಮೀರದ’ ಎಂದು ಬರೆಯಿಸಿ.

ಬದಿಯಡ್ಕದಿಂದ:
22 ಎಲ್‌ಆರ್‌ಗಳನ್ನು ಬದಿಗಿಟ್ಟು ಮೂರಕ್ಕೆ ಕ್ರೆಡಿಟ್ ನೋಟ್ ಕೇಳಿದ್ದೇನೆ. ಲಾರಿಯವರು ಹೇಳುವುದು, ಪೆಟ್ಟಿಗೆ ದೊಡ್ಡದಾದ್ದರಿಂದ ಅಳತೆಯ ಮೇಲೆ ಲೆಕ್ಕ ಹಾಕಿದ್ದೆಂದು. ಎಲ್‌ಆರ್‌ನಲ್ಲಿ ಉದ್ದ ಅಗಲ ಎಲ್ಲೂ ಬರೆದಿಲ್ಲ. ತೂಗಿದ ತೂಕ, ಬಿಲ್ಲಿಗೆ ಹಿಡಿದ ತೂಕ ಎರಡನ್ನೂ ಎಲ್‌ಆರ್‌ನಲ್ಲಿ ಬರೆಯಿರಿ ಎಂದು ಅವರಿಗೆ ಕನ್ನಡದಲ್ಲೇ ಪತ್ರ ಹಾಕಬೇಕು. ಎರಡನೆಯದಕ್ಕೆ ನಿಮ್ಮ ಕಡೆಯ ಅಂಗಡಿಗಳಲ್ಲಿ ಏನು ಹೇಳುತ್ತಾರೆ?