ಸಹಾಯ ಬೇಕು: ಬೆಳಗಿನ ಜಾವದ ಮುಹೂರ್ತವನ್ನು ಎರಡು ಭಾಷೆಯ ಲಗ್ನಪತ್ರಿಕೆಯಲ್ಲಿ ಬರೆಯುವುದು ಹೇಗೆ?

ಒಂದೇ ಮಡಿಕೆಯ ಕಾರ್ಡು, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಮುಹೂರ್ತ 16ನೇ ತಾರೀಖು ಬೆಳಗಿನ ಜಾವ 4-40ಕ್ಕೆ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುವುದರಿಂದ ಪುರೋಹಿತರ ಒಕ್ಕಣೆಯಲ್ಲಿ ಅದು ಇನ್ನೂ ಭಾನುವಾರ. ಇಂಗ್ಲಿಷ್ ಲೆಕ್ಕಕ್ಕೆ ಆಗಲೇ ಸೋಮವಾರ. ಎರಡನ್ನೂ ಹಾಗೇ ಅಚ್ಚು ಹಾಕಿದರೆ ಅರ್ಧ ನೆಂಟರು ಒಂದು ದಿನ ಮೊದಲೇ ಬಂದು ಕೂರುತ್ತಾರೆ. ಸದ್ಯಕ್ಕೆ ಕನ್ನಡದಲ್ಲಿ ಹೀಗೆ ಬರೆದಿದ್ದೇವೆ: "ದಿನಾಂಕ 15ರ ಭಾನುವಾರ ರಾತ್ರಿ ಕಳೆದು 16ರ ಸೋಮವಾರ ಬೆಳಗಿನ ಜಾವ ಗಂಟೆ 4-40ಕ್ಕೆ ಸಲ್ಲುವ ಶುಭ ಲಗ್ನದಲ್ಲಿ". ಇಂಗ್ಲಿಷ್ ಪುಟದಲ್ಲಿ ಸೋಮವಾರ ಮಾತ್ರ. ಸಂವತ್ಸರ, ಮಾಸ, ತಿಥಿ ಕನ್ನಡದಲ್ಲಷ್ಟೇ ಇರಲಿ ಅನ್ನಿಸುತ್ತದೆ. ಇದಕ್ಕಿಂತ ಚಿಕ್ಕ ಒಕ್ಕಣೆ ಯಾರ ಬಳಿಯಾದರೂ ಇದೆಯೇ?

ಇನ್ನೊಂದು ತೊಡಕು. ಎರಡೂ ಪುಟಕ್ಕೆ ಒಂದೇ ಸಾಲಿನ ಅಂತರ ಕೊಟ್ಟರೆ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಲಕ್ಷ್ಮೀ" ಬಂದ ಸಾಲಿನಲ್ಲಿ ಮ-ವತ್ತು ಕೆಳಗಿನ ಹೆಸರಿನ ಮೇಲೆಯೇ ಕೂತಿದೆ. ಅಂತರ ಹೆಚ್ಚಿಸಿದರೆ ಕನ್ನಡ ಪುಟ ಉದ್ದವಾಗಿ, ವಧೂವರರ ಹೆಸರುಗಳು ಎದುರುಬದುರು ನಿಲ್ಲುವುದಿಲ್ಲ. ಹೆಸರುಗಳನ್ನು ಸರಿಹೊಂದಿಸಿ, "ಸುಖಾಗಮನ ಬಯಸುವವರು" ಪಟ್ಟಿಯನ್ನು ಹಿಂಬದಿಗೆ ಹಾಕಬಹುದೇ? ಹಿರಿಯರು ಬೇಸರಿಸಿಕೊಳ್ಳದಂತೆ ಮಾಡಿದವರು ದಯವಿಟ್ಟು ತಿಳಿಸಿ.